ತಲೆಸುತ್ತಿಗೆ ವ್ಯಾಯಾಮ ಮದ್ದಾದ ಬಗೆ

ನೆಗಡಿ, ಮೈಕೈ ನೋವು ಬಂದು ಹೋಗಿ ವಾರವಾಗಿರುತ್ತದೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಕೋಣೆಯೇ ಗಿರಗಿರನೆ ತಿರುಗುತ್ತದೆ. ಕಣ್ಣು ಮುಚ್ಚಿದರೂ ಸುತ್ತು ಬಿಡುವುದಿಲ್ಲ, ವಾಂತಿ ನಿಲ್ಲುವುದಿಲ್ಲ. ಮನೆಯವರು ಬಿಪಿ ಎನ್ನುತ್ತಾರೆ, ಪಿತ್ತ ಎನ್ನುತ್ತಾರೆ. ಕಿವಿ ಮಾತ್ರ ಎಂದಿನಂತೆ ಕೇಳಿಸುತ್ತಿರುತ್ತದೆ. ಒಳಕಿವಿಯಿಂದ ಮೆದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರ ಒಂದು ಬದಿಯಲ್ಲಿ ಊದಿಕೊಂಡಾಗ ಹೀಗಾಗುತ್ತದೆ. ವೈದ್ಯರು ಇದನ್ನು ವೆಸ್ಟಿಬುಲರ್ ನ್ಯೂರೈಟಿಸ್ ಎನ್ನುತ್ತಾರೆ.

ಎರಡೂ ಬದಿಯ ನರಗಳು ಜೋಡೆತ್ತಿನಂತೆ ಸಮನಾಗಿ ಎಳೆಯುತ್ತಿರುತ್ತವೆ. ಬಲಗಡೆಯದು ಸೋತರೆ ಮೆದುಳಿಗೆ ಎಡಗಡೆಯ ಸುದ್ದಿಯಷ್ಟೇ ತಲುಪುತ್ತದೆ, ಮಲಗಿದ್ದರೂ ತಲೆ ಎಡಕ್ಕೆ ತಿರುಗುತ್ತಿದೆ ಎಂದು ಅದು ತಿಳಿಯುತ್ತದೆ. ಕಣ್ಣುಗುಡ್ಡೆಗಳು ನಿಧಾನವಾಗಿ ಬಲಕ್ಕೆ ಜಾರಿ, ಥಟ್ಟನೆ ಎಡಕ್ಕೆ ಎಗರುತ್ತವೆ. ನಿಲ್ಲಿಸಿದರೆ ಮೈ ಬಲಕ್ಕೆ ವಾಲುತ್ತದೆ.

1952ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಈ ಕಾಯಿಲೆಯ ಚಿತ್ರವನ್ನು ಸ್ಪಷ್ಟವಾಗಿ ಬರೆದಿಟ್ಟರು. ವೈರಸ್ಸಿನ ಕೈವಾಡವೆಂಬ ಅನುಮಾನಕ್ಕೆ ಅನಂತರ ಬಲ ಬಂತು. 1999ರಲ್ಲಿ ಮ್ಯೂನಿಕ್‌ನ ತಂಡವೊಂದು, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಕುರುಹನ್ನು ಮೃತರ ಸಮತೋಲನ ನರದ ಗಂಟಿನಲ್ಲೇ ಕಂಡಿತು. ಆದರೂ ಪ್ರತಿ ರೋಗಿಯಲ್ಲೂ ವೈರಸ್ಸೇ ಕಾರಣವೆಂದು ತೋರಿಸಲು ಆಗಿಲ್ಲ. 2004ರಲ್ಲಿ ಸ್ಟ್ರುಪ್ ಮತ್ತು ಸಂಗಡಿಗರು 141 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ವೈರಸ್ ನಿಗ್ರಹಿಸುವ ಮದ್ದು ಉಪಯೋಗಕ್ಕೆ ಬರಲಿಲ್ಲ. ಸ್ಟೆರಾಯ್ಡ್ ಪಡೆದವರ ನರ ಹೆಚ್ಚು ಚೇತರಿಸಿಕೊಂಡಿತು. ಅದರಿಂದ ರೋಗಿಯ ತೊಂದರೆಯೂ ಅಷ್ಟೇ ಕಡಿಮೆಯಾಗುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ.

ರೋಗಿಗೆ ನಿಜವಾಗಿ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. 1940ರ ದಶಕದಲ್ಲಿ ಲಂಡನ್ನಿನ ಕಿವಿ ಶಸ್ತ್ರವೈದ್ಯ ಕಾಥೋರ್ನ್ ಮತ್ತು ವ್ಯಾಯಾಮ ಚಿಕಿತ್ಸೆಯ ವೈದ್ಯ ಕುಕ್ಸಿ, ತಲೆಗೆ ಪೆಟ್ಟು ಬಿದ್ದವರನ್ನೂ ಒಳಕಿವಿಯ ಶಸ್ತ್ರಚಿಕಿತ್ಸೆಯಾದವರನ್ನೂ ನೋಡಿಕೊಳ್ಳುತ್ತಿದ್ದರು. ಸುತ್ತು ಬರುತ್ತದೆಂದು ಅಲ್ಲಾಡದೆ ಮಲಗಿದವರಿಗಿಂತ ಎದ್ದು ಓಡಾಡಿದವರು ಬೇಗ ಸುಧಾರಿಸುತ್ತಾರೆ ಎಂಬುದು ಅವರ ಕಣ್ಣಿಗೆ ಬಿತ್ತು. ಕಣ್ಣು ಆಡಿಸುವುದು, ತಲೆ ಆಡಿಸುವುದು, ಚೆಂಡು ಎಸೆಯುವುದು, ಮೆಟ್ಟಿಲು ಹತ್ತಿಳಿಯುವುದು ಎಂದು ಅವರು ಕಟ್ಟಿದ ಕ್ರಮ ಈಗಲೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಇದಕ್ಕೆ ಅಳತೆಯ ಪುರಾವೆ ಸಿಕ್ಕಿದ್ದು 1998ರಲ್ಲಿ. ಸ್ಟ್ರುಪ್ ಅವರ ತಂಡ 39 ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ ವ್ಯಾಯಾಮ ಕಲಿಸಿತು. ತಿಂಗಳ ಕೊನೆಗೆ ಕಣ್ಣು ಮುಚ್ಚಿ ನಿಂತಾಗ ಅವರ ಮೈ ತೂಗಾಟ ಉಳಿದವರಿಗಿಂತ ಕಡಿಮೆಯಿತ್ತು. ಕಣ್ಣಿನ ವಾಲಿಕೆಯಂಥವು ಎರಡೂ ಗುಂಪಿನಲ್ಲಿ ಒಂದೇ ರೀತಿ ಸರಿಹೋಗಿದ್ದವು. ಮಲಗಿದ್ದಾಗ ಬರುವ ಸುತ್ತು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ತಲೆ ತಿರುಗಿಸಿದಾಗಿನ ತೊಂದರೆ ಮಾತ್ರ ಹಾಗೆ ಹೋಗದು, ಅದನ್ನು ಮೆದುಳು ಕಲಿತೇ ನೀಗಬೇಕು. ತಲೆ ತಿರುಗುವಾಗ ನೋಡುತ್ತಿರುವ ವಸ್ತು ಕಣ್ಣಿನಲ್ಲಿ ಜಾರಿ ಮಸುಕಾಗುತ್ತದಲ್ಲ, ಆ ತಪ್ಪೇ ಮೆದುಳಿಗೆ ಪಾಠ.

ಬಲ ನರ ಸೋತ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳೋಣ. ವಾಂತಿ ನಿಂತ ಮೂರನೆಯ ದಿನ ಅವರು ಹಾಸಿಗೆಯ ಅಂಚಿನಲ್ಲಿ ಕೂತು, ಒಂದು ಕಾರ್ಡಿನ ಮೇಲೆ ದಪ್ಪಗೆ ‘ಅ’ ಬರೆದು ತೋಳಿನಳತೆಯ ದೂರದಲ್ಲಿ ಹಿಡಿಯುತ್ತಾರೆ. ನೋಟವನ್ನು ಅಕ್ಷರದ ಮೇಲೇ ಇಟ್ಟು ತಲೆಯನ್ನು ಎಡಬಲಕ್ಕೆ ಒಂದು ನಿಮಿಷ ಆಡಿಸುತ್ತಾರೆ. ಅಕ್ಷರ ಇನ್ನೇನು ಮಸುಕಾಗಬೇಕು ಎನ್ನುವಷ್ಟೇ ವೇಗ. ಅನಂತರ ಮೇಲೆ ಕೆಳಗೆ. ದಿನಕ್ಕೆ ಮೂರು ಬಾರಿ, ಎಲ್ಲ ಸೇರಿ ಹನ್ನೆರಡು ನಿಮಿಷಕ್ಕೆ ಏರಿಸುತ್ತಾರೆ. ಕೂತು ಮಾಡಿದ್ದು ಸಲೀಸಾದ ಮೇಲೆ ನಿಂತು, ಆಮೇಲೆ ಪಾದ ಜೋಡಿಸಿ, ಆಮೇಲೆ ನಡೆಯುತ್ತಾ ತಲೆ ತಿರುಗಿಸುತ್ತಾರೆ. ಮಾಡುವಾಗ ಸ್ವಲ್ಪ ಸುತ್ತು ಬರಲೇಬೇಕು. ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಅದು ಇಳಿದರೆ ಪ್ರಮಾಣ ಸರಿಯಿದೆ. ಗಂಟೆಗಟ್ಟಲೆ ಉಳಿದರೆ ವೇಗ ತಗ್ಗಿಸಬೇಕು. ಬೀಳುವ ಭಯವಿರುವುದರಿಂದ ಮೊದಲ ದಿನಗಳಲ್ಲಿ ಪಕ್ಕದಲ್ಲಿ ಒಬ್ಬರು ಇರಲಿ.

ಇಲ್ಲಿ ಹೆಚ್ಚಾಗಿ ಎಡವುವುದು ಮಾತ್ರೆಯಲ್ಲಿ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥ ಸುತ್ತು ತಡೆಯುವ ಮಾತ್ರೆಗಳು ಮೊದಲ ಎರಡು ಮೂರು ದಿನಕ್ಕೆ ಬೇಕು. ಅವನ್ನೇ ತಿಂಗಳುಗಟ್ಟಲೆ ನುಂಗಿದರೆ ಮೆದುಳಿನ ಕಲಿಕೆ ಹಿಂದೆ ಬೀಳುತ್ತದೆ. ವಾರಗಳ ನಂತರ ಮಗ್ಗುಲು ಬದಲಿಸಿದಾಗ ಮಾತ್ರ ಅರೆನಿಮಿಷದ ಸುತ್ತು ಬಂದರೆ ಅದು ಒಳಕಿವಿಯ ಹರಳು ಜಾರಿದ್ದು, ಅದರ ಚಿಕಿತ್ಸೆಯೇ ಬೇರೆ.

ಮೆದುಳಿನ ಹಿಂಭಾಗದ ಪಾರ್ಶ್ವವಾಯುವೂ ಹೀಗೆಯೇ ವೇಷ ಹಾಕಿಕೊಂಡು ಬರಬಹುದು. 1988ರಲ್ಲಿ ಸಿಡ್ನಿಯ ಹಾಲ್ಮಾಗಿ ಮತ್ತು ಕರ್ಥಾಯ್ಸ್ ವಿವರಿಸಿದ, ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣು ನೋಡುವ ಪರೀಕ್ಷೆ ಎರಡನ್ನೂ ಬೇರ್ಪಡಿಸಲು ನೆರವಾಗುತ್ತದೆ. ಸುತ್ತು ಬಿಡದೆ ಇರುವಾಗಲೂ ಆ ಪರೀಕ್ಷೆ ಸರಿಯಾಗಿಯೇ ಬಂದರೆ ನರವಲ್ಲ, ಮೆದುಳನ್ನು ಶಂಕಿಸಬೇಕು. ಇದು ಪಳಗಿದ ಕೈಯ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.