ಸಂಬಳದ ಚೀಟಿಯಲ್ಲಿರುವ ಆ ಇನ್ನೂರು ರೂಪಾಯಿ

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರ ಚೀಟಿಯಲ್ಲಿ 'ಪಿ.ಟಿ. 200' ಎಂಬ ಸಾಲೊಂದು ಇರುತ್ತದೆ. ಇದು ವೃತ್ತಿ ತೆರಿಗೆ. ನಮ್ಮ ಸ್ನೇಹಿತರಲ್ಲಿ ಹಲವರು ಇದನ್ನೂ ಆದಾಯ ತೆರಿಗೆಯ ಒಂದು ತುಣುಕು ಎಂದೇ ತಿಳಿದಿದ್ದಾರೆ. ಆದರೆ ಎರಡನ್ನೂ ಹಾಕುವ ಸರ್ಕಾರಗಳೇ ಬೇರೆ. ಸಂಬಳ ಎಷ್ಟೇ ಇದ್ದರೂ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ದಾಟುವುದಿಲ್ಲ. ಯಾಕೆ ಹೀಗೆ ಎಂದು ತಿಳಿಯಲು 1939ಕ್ಕೆ ಹೋಗಬೇಕು.

1935ರ ಭಾರತ ಸರ್ಕಾರ ಕಾಯ್ದೆ ಆದಾಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟಿತ್ತು. ಕೃಷಿ ಆದಾಯ ಮಾತ್ರ ಪ್ರಾಂತ್ಯಗಳ ಪಾಲಾಗಿತ್ತು. ವೃತ್ತಿ, ವ್ಯಾಪಾರ, ಕಸುಬು, ಉದ್ಯೋಗಗಳ ಮೇಲಿನ ತೆರಿಗೆಯೂ ಪ್ರಾಂತ್ಯಗಳಿಗೇ ಸೇರಿತ್ತು. ವೃತ್ತಿ ತೆರಿಗೆ ಅಲ್ಲಿಯವರೆಗೆ ಹೆಚ್ಚಾಗಿ ಪುರಸಭೆಗಳು, ಸ್ಥಳೀಯ ಮಂಡಳಿಗಳು ಎತ್ತುತ್ತಿದ್ದ ಸಣ್ಣ ತೆರಿಗೆ. ಆಗ ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದಲ್ಲಿ, ಗೋವಿಂದ ವಲ್ಲಭ ಪಂತರ ಕಾಂಗ್ರೆಸ್ ಸರ್ಕಾರವಿತ್ತು. ಅದು 'ಉದ್ಯೋಗ ತೆರಿಗೆ' ಎಂಬ ಹೆಸರಿನಲ್ಲಿ ಸಂಬಳದಾರರ ಮೇಲೆ ದೊಡ್ಡ ತೆರಿಗೆಯನ್ನೇ ಹಾಕಲು ಹೊರಟಿತು.

ಪ್ರಶ್ನೆ ಹುಟ್ಟಿದ್ದು ಅಲ್ಲೇ. ಸಂಬಳ ನೋಡಿ ತೆರಿಗೆ ಹಾಕಿದರೆ ಅದು ಉದ್ಯೋಗದ ಮೇಲಿನ ತೆರಿಗೆಯೋ, ಇನ್ನೊಂದು ಹೆಸರಿನ ಆದಾಯ ತೆರಿಗೆಯೋ? ಬ್ರಿಟಿಷ್ ಪಾರ್ಲಿಮೆಂಟು 1940ರಲ್ಲಿ ಕಾಯ್ದೆಗೆ 142-ಎ ಎಂಬ ಹೊಸ ಕಲಮನ್ನು ಸೇರಿಸಿ ಇದಕ್ಕೆ ಉತ್ತರ ಕೊಟ್ಟಿತು. ಆದಾಯಕ್ಕೆ ಸಂಬಂಧಿಸಿದ್ದು ಎಂಬ ಒಂದೇ ಕಾರಣಕ್ಕೆ ಇಂಥ ತೆರಿಗೆ ಅಸಿಂಧುವಾಗುವುದಿಲ್ಲ ಎಂದಿತು. ಜೊತೆಗೆ, ಒಬ್ಬರಿಂದ ವರ್ಷಕ್ಕೆ 50 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದೂ ಕಟ್ಟಿಹಾಕಿತು. ಒಂದು ಕೈಯಲ್ಲಿ ಅಧಿಕಾರ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಬಿಗಿದಂತಾಯಿತು.

ಸ್ವತಂತ್ರ ಭಾರತ ಈ ಹಗ್ಗವನ್ನು ಬಿಚ್ಚಲಿಲ್ಲ, ಸ್ವಲ್ಪ ಸಡಿಲಿಸಿತು ಅಷ್ಟೆ. ಸಂವಿಧಾನದ 276ನೇ ವಿಧಿ ಅದೇ ಏರ್ಪಾಟನ್ನು ಉಳಿಸಿಕೊಂಡು ಮಿತಿಯನ್ನು 250 ರೂಪಾಯಿಗೆ ಏರಿಸಿತು. 1988ರಲ್ಲಿ 60ನೇ ತಿದ್ದುಪಡಿ ಅದನ್ನು 2,500 ಮಾಡಿತು. ಅಲ್ಲಿಂದೀಚೆಗೆ ಅದು ಕದಲಿಲ್ಲ. ಕರ್ನಾಟಕ 1976ರಲ್ಲಿ ತನ್ನದೇ ವೃತ್ತಿ ತೆರಿಗೆ ಕಾಯ್ದೆ ಮಾಡಿಕೊಂಡಿತು. ತಮಿಳುನಾಡು, ಕೇರಳಗಳಲ್ಲಿ ಇಂದಿಗೂ ಇದನ್ನು ಸ್ಥಳೀಯ ಸಂಸ್ಥೆಗಳೇ ಎತ್ತುತ್ತವೆ.

ಕರ್ನಾಟಕ ಆ ಮಿತಿಯನ್ನು ಮುಟ್ಟಿದ ಬಗೆ ನೋಡಿ. ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಆಗುತ್ತಿತ್ತು, ನೂರು ಉಳಿಯುತ್ತಿತ್ತು. 2025ರ ತಿದ್ದುಪಡಿ ಫೆಬ್ರವರಿ ತಿಂಗಳಿಗೆ ಮಾತ್ರ 300 ಎಂದು ಮಾಡಿತು. ಹನ್ನೊಂದು ತಿಂಗಳ 2,200ಕ್ಕೆ 300 ಸೇರಿ ಸರಿಯಾಗಿ 2,500. ಸಂವಿಧಾನ ತಿದ್ದದೆ ಇನ್ನೊಂದು ರೂಪಾಯಿಯನ್ನೂ ಸೇರಿಸುವಂತಿಲ್ಲ.

ಇದರ ಪರಿಣಾಮ ಯಾರ ಮೇಲೆ? ತಿಂಗಳಿಗೆ 26,000 ಸಂಬಳವಿರುವ ಒಬ್ಬ ಗುಮಾಸ್ತೆ, 2,60,000 ಸಂಬಳವಿರುವ ಒಬ್ಬ ಮ್ಯಾನೇಜರ್ ಇದ್ದಾರೆ ಎಂದುಕೊಳ್ಳೋಣ. ಗುಮಾಸ್ತೆಯ ವರ್ಷದ ಸಂಬಳ 3,12,000. ಬೇರೆ ವರಮಾನ ಇಲ್ಲದಿದ್ದರೆ ಆಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಮ್ಯಾನೇಜರ್ ಲಕ್ಷಗಟ್ಟಲೆ ಕಟ್ಟುತ್ತಾರೆ. ವೃತ್ತಿ ತೆರಿಗೆಯಲ್ಲಿ ಮಾತ್ರ ಇಬ್ಬರೂ 2,500. ಆದಾಯ ತೆರಿಗೆ ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇದು ಹೊಸ್ತಿಲಿನಂತೆ ದಾಟಿದ ಕೂಡಲೇ ಪೂರ್ತಿ ಬೀಳುತ್ತದೆ. 24,900 ಇದ್ದ ಸಂಬಳಕ್ಕೆ 150 ಏರಿಕೆಯಾದರೆ 25,050 ಆಗುತ್ತದೆ, 200 ಕಳೆದರೆ ಕೈಗೆ ಬರುವುದು 24,850. ಏರಿಕೆ ಸಿಕ್ಕಿಯೂ 50 ರೂಪಾಯಿ ಕಡಿಮೆ!

ಮೂಲದಲ್ಲೇ ಇನ್ನೊಂದು ವ್ಯತ್ಯಾಸವಿದೆ. ಆದಾಯ ತೆರಿಗೆ ವರ್ಷದ ಗಳಿಕೆಯ ಲೆಕ್ಕ ಕೇಳುತ್ತದೆ, ಗಳಿಕೆ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ವೃತ್ತಿ ತೆರಿಗೆ ಕೇಳುವುದು 'ನೀವು ಈ ಕಸುಬು ಮಾಡುತ್ತೀರಾ' ಎಂದು. ಸಂಬಳದಾರರ ವಿಷಯದಲ್ಲಿ ಸಂಬಳ ಬರೀ ಅಳತೆಗೋಲು. ಆದ್ದರಿಂದಲೇ ಸ್ವಂತ ವೃತ್ತಿ ನಡೆಸುವವರು 'ಈ ವರ್ಷ ನಷ್ಟವಾಯಿತು' ಎಂದಷ್ಟೇ ಹೇಳಿ ಇದರಿಂದ ಪಾರಾಗಲಾಗದು.

ಮಿತಿಯನ್ನು 12,000ಕ್ಕೆ ಏರಿಸಬೇಕೆಂದು 14ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಸ್ಥಳೀಯ ಸಂಸ್ಥೆಗಳ ಖಾಲಿ ಬೊಕ್ಕಸ ನೋಡಿದರೆ ಆ ಮಾತು ಸರಿಯೇ ಎನಿಸುತ್ತದೆ. ಆದರೆ ಹೊಸ್ತಿಲನ್ನು ಹಾಗೇ ಬಿಟ್ಟು ಮಿತಿಯನ್ನಷ್ಟೇ ಏರಿಸಿದರೆ, ಗುಮಾಸ್ತೆಯೂ ಮ್ಯಾನೇಜರ್ ಕೂಡ ತಿಂಗಳಿಗೆ ಒಂದೊಂದು ಸಾವಿರ ಕೊಡಬೇಕಾದೀತು. ಮಿತಿ ಏರಿಸುವ ಚರ್ಚೆ ಬಂದಾಗ, ಸಂಬಳಕ್ಕೆ ತಕ್ಕಂತೆ ಎಷ್ಟು ಮೆಟ್ಟಿಲು ಇಡುತ್ತೀರಿ ಎಂಬುದನ್ನು ನಾವು ಮೊದಲು ಕೇಳಬೇಕು.