ಹತ್ತು ವರ್ಷದ ಹುಡುಗನಿಗೊಂದು ಯೂಸರ್ ಮ್ಯಾನ್ಯುಯಲ್

ಜೆಫ್ರಿ ಚಾಸರ್ ಅಂದ ಕೂಡಲೇ ಕ್ಯಾಂಟರ್ಬರಿ ಟೇಲ್ಸ್ ನೆನಪಾಗುತ್ತದೆ. ಇಂಜಿನಿಯರಿಂಗ್ ಓದಿದವರಿಗೆ ಅದೂ ನೆನಪಾಗದಿರಬಹುದು ಬಿಡಿ :) ಆದರೆ ಈ ಕವಿ ಮಹಾಶಯ ಒಂದು ಯೂಸರ್ ಮ್ಯಾನ್ಯುಯಲ್ ಕೂಡ ಬರೆದಿದ್ದಾನೆ. ಅದರಲ್ಲಿನ ಉದಾಹರಣೆಗಳ ಇಸವಿ 1391. ಓದುಗ ಅವನದೇ ಮಗ ಲೂಯಿಸ್, ವಯಸ್ಸು ಹತ್ತು. ವಿಷಯ ಆಸ್ಟ್ರೊಲೇಬ್ ಬಳಸುವುದು ಹೇಗೆ ಅನ್ನೋದು. ಇಂಗ್ಲಿಷಿನಲ್ಲಿ ಉಳಿದಿರುವ ತೀರಾ ಹಳೆಯ ತಾಂತ್ರಿಕ ಕೈಪಿಡಿಗಳಲ್ಲಿ ಇದೂ ಒಂದು. ಏನೂ ಗೊತ್ತಿಲ್ಲದವನು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳದ ಹಾಗೆ ಹಂತ ಹಂತವಾಗಿ ಹೇಳಿಕೊಡುವುದು ಹೇಗೆ ಅಂತ ತಲೆಕೆಡಿಸಿಕೊಂಡವರು ಇದನ್ನೊಮ್ಮೆ ನೋಡಬೇಕು.

ಆಸ್ಟ್ರೊಲೇಬ್ ಅಂದರೆ ಕೈಯಲ್ಲಿ ತೂಗುಹಾಕಿ ಹಿಡಿಯುವ ಹಿತ್ತಾಳೆಯ ಒಂದು ಬಿಲ್ಲೆ. ಮುಂಭಾಗದಲ್ಲಿ ಒಂದು ತಟ್ಟೆ. ಅದರ ಮೇಲೆ ದಿಗಂತದಿಂದ ನೆತ್ತಿಯವರೆಗಿನ ಎತ್ತರಗಳನ್ನು ಸೂಚಿಸುವ ವೃತ್ತಗಳನ್ನು ಕೊರೆದಿರುತ್ತಾರೆ. ತಟ್ಟೆಯ ಮೇಲೆ ತಿರುಗುವ ಒಂದು ಜಾಲರಿ, ಅದರಲ್ಲಿ ಕೆಲವು ನಕ್ಷತ್ರಗಳ ಗುರುತು ಮತ್ತು ಹನ್ನೆರಡು ರಾಶಿಗಳ ಉಂಗುರ. ಅದರ ಮೇಲೆ ಗಡಿಯಾರದ ಮುಳ್ಳಿನಂಥ ಒಂದು ಪಟ್ಟಿ. ಅಂಚಿನ ಸುತ್ತ ದಿನದ 24 ಗಂಟೆಗಳಿಗೆ 24 ಗುರುತುಗಳು. ಬಿಲ್ಲೆಯ ಹಿಂಭಾಗದಲ್ಲಿ ತಿಂಗಳು-ದಿನಗಳ ಉಂಗುರ, ಮತ್ತು ಎರಡು ತುದಿಗೂ ತೂತಿರುವ ಇನ್ನೊಂದು ಪಟ್ಟಿ. ಇಷ್ಟರಿಂದ ಹಗಲಲ್ಲಿ ಸೂರ್ಯನನ್ನೂ ರಾತ್ರಿ ನಕ್ಷತ್ರವನ್ನೂ ಹಿಡಿದು ಗಂಟೆ ಎಷ್ಟು ಅಂತ ಹೇಳಬಹುದು.

ಚಾಸರ್ ಮಾಡಿದ ಮೊದಲ ಕೆಲಸ ಬರೆಯುವುದಲ್ಲ, ಮಗನ ಕೈಗೆ ಒಂದು ಆಸ್ಟ್ರೊಲೇಬ್ ಕೊಟ್ಟಿದ್ದು. ಯಾವುದೋ ಒಂದಲ್ಲ, ಆಕ್ಸ್‌ಫರ್ಡ್ ಅಕ್ಷಾಂಶಕ್ಕೆ ಅಂತಲೇ ಮಾಡಿದ್ದು. ಅದನ್ನು ಮುನ್ನುಡಿಯಲ್ಲೇ ಹೇಳಿಬಿಡುತ್ತಾನೆ. ಅಂದರೆ ಪುಸ್ತಕದಲ್ಲಿ ಬರುವ ಯಂತ್ರವೂ ಹುಡುಗನ ಕೈಯಲ್ಲಿರುವ ಯಂತ್ರವೂ ಒಂದೇ. ಸಾಫ್ಟ್‌ವೇರಿನವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಯಾವ ವರ್ಷನ್, ಯಾವ ಆಪರೇಟಿಂಗ್ ಸಿಸ್ಟಂ ಅಂತ ಹೇಳದೆ ಶುರುವಾಗುವ ಸೂಚನೆಗಳು ಮೂರನೇ ಹಂತದಲ್ಲಿ ಹೇಗೆ ಕೈಕೊಡುತ್ತವೆ ಅಂತ ನಮಗೆಲ್ಲ ಗೊತ್ತು. ಆಮೇಲೆ ಭಾಷೆ. ಹುಡುಗನಿಗೆ ಲ್ಯಾಟಿನ್ ಅಷ್ಟಾಗಿ ಬರುತ್ತಿರಲಿಲ್ಲ, ಹಾಗಾಗಿ ಇಂಗ್ಲಿಷ್. ಮೂಲ ಸರಕು ಹೆಚ್ಚಿನಂಶ ಮಾಷಾ-ಅಲ್ಲಾಹ್ ಹೆಸರಿನಲ್ಲಿ ಓಡಾಡುತ್ತಿದ್ದ ಲ್ಯಾಟಿನ್ ಪುಸ್ತಕದ್ದು. ತಾನು ಹಳಬರ ಕೆಲಸವನ್ನು ಒಟ್ಟುಮಾಡಿದವನಷ್ಟೇ ಅಂತ ಚಾಸರನೇ ಹೇಳಿಕೊಳ್ಳುತ್ತಾನೆ.

ಮೊದಲ ಭಾಗ ಪೂರ್ತಿ ಬಿಡಿಭಾಗಗಳ ಪರಿಚಯ. ಉಂಗುರದಿಂದ ಶುರುಮಾಡಿ ಒಂದೊಂದನ್ನೇ ಹೆಸರಿಸುತ್ತಾ ಹೋಗುತ್ತಾನೆ. ಓದಲು ಸ್ವಲ್ಪ ಬೋರು, ಆದರೆ ಅದರ ನಡುವೆ ಒಂದು ಚಿಕ್ಕ ಜಾಗ ನನಗೆ ತುಂಬಾ ಹಿಡಿಸಿತು. ಯಂತ್ರದ ಪೂರ್ವ ದಿಕ್ಕಿನ ಬದಿಗೆ ಬಲಬದಿ ಅಂತ ಹೆಸರು. ಆದರೆ ಉಂಗುರವನ್ನು ಬಲಗೈ ಹೆಬ್ಬೆರಳಿಗೆ ಹಾಕಿ ಎದುರಿಗೆ ಹಿಡಿದರೆ ಯಂತ್ರದ ಬಲ ನಿಮ್ಮ ಎಡಕ್ಕೆ ಬರುತ್ತದೆ. ಎದುರು ನಿಂತವರ ಬಲಗೈ ನಮ್ಮ ಎಡಕ್ಕಿರುವ ಹಾಗೆ. ಗೊತ್ತಿದ್ದವರಿಗೆ ಇದು ಹೇಳುವ ವಿಷಯವೇ ಅಲ್ಲ. ಗೊತ್ತಿಲ್ಲದವನು ಬೆಳಗಿನ ಸೂರ್ಯನನ್ನು ಪಶ್ಚಿಮಕ್ಕಿಟ್ಟು, ಮಧ್ಯಾಹ್ನದ ಲೆಕ್ಕ ತೆಗೆದು, ಯಂತ್ರ ಕೆಟ್ಟಿದೆ ಅಂತ ಮೂಲೆಗೆಸೆಯುವುದು ಇಲ್ಲೇ. ಚಾಸರ್ ಇದನ್ನು ಹೇಳಿ, ಮರೆಯಬೇಡ ಅಂತ ಮಗನನ್ನು ಹೆಸರು ಹಿಡಿದು ಎಚ್ಚರಿಸುತ್ತಾನೆ. ಹಿಂಭಾಗಕ್ಕೂ ಮುಂಭಾಗಕ್ಕೂ ಇದೇ ನಿಯಮ ಅಂತಲೂ ಸೇರಿಸುತ್ತಾನೆ.

ಎರಡನೇ ಭಾಗದಲ್ಲಿ ಕೆಲಸ ಶುರು. ಗಂಟೆ ನೋಡುವುದಕ್ಕೆ ಮೂರು ಅಧ್ಯಾಯ. ಮೊದಲನೆಯದು, ಇವತ್ತು ಸೂರ್ಯ ರಾಶಿಚಕ್ರದ ಯಾವ ಡಿಗ್ರಿಯಲ್ಲಿದ್ದಾನೆ ಅಂತ ತಿಳಿಯುವುದು. ಹಿಂಭಾಗದ ದಿನಾಂಕದ ಮೇಲೆ ಪಟ್ಟಿ ಇಡಿ, ಅದರ ತುದಿ ಎಲ್ಲಿದೆ ನೋಡಿ, ಅಷ್ಟೇ. ಇಷ್ಟು ಹೇಳಿ ಬಿಡುವುದಿಲ್ಲ. 1391ರ ಮಾರ್ಚ್ 12ರ ಮಧ್ಯಾಹ್ನ ತಾನೇ ಮಾಡಿ ನೋಡಿದೆ, ಮೇಷದ ಮೊದಲ ಡಿಗ್ರಿಯ ಒಳಗೆ ಸ್ವಲ್ಪ ಬಂತು ಅನ್ನುತ್ತಾನೆ. ಆಮೇಲೆ ಡಿಸೆಂಬರ್ 13ಕ್ಕೆ ಇನ್ನೊಂದು ಸಲ, ಆಗ ಮಕರದ ಮೊದಲ ಡಿಗ್ರಿ. ಒಂದೇ ಉದಾಹರಣೆ ಕೊಟ್ಟಿದ್ದರೆ ಉತ್ತರ ಅಕಸ್ಮಾತ್ತಾಗಿ ಹೊಂದಿರಬಹುದು. ಉಂಗುರದ ಇನ್ನೊಂದು ಕಡೆಯ ದಿನವೂ ಹೊಂದಿದರೆ ಹುಡುಗನಿಗೆ ಅನುಮಾನ ಉಳಿಯುವುದಿಲ್ಲ.

ಎರಡನೆಯದು ಸೂರ್ಯನ ಎತ್ತರ. ಉಂಗುರ ಬಲ ಹೆಬ್ಬೆರಳಿಗೆ, ನಿಮ್ಮ ಎಡಪಕ್ಕ ಸೂರ್ಯನ ಕಡೆಗೆ. ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿ, ಬಿಸಿಲು ಎರಡು ತೂತುಗಳಲ್ಲೂ ಹಾದಾಗ ನಿಲ್ಲಿಸಿ. ಸೂರ್ಯನನ್ನು ಕಣ್ಣಿಟ್ಟು ನೋಡುವ ಅಗತ್ಯವೇ ಇಲ್ಲ. ಅಡ್ಡಗೆರೆಯಿಂದ ಪಟ್ಟಿ ಎಷ್ಟು ಡಿಗ್ರಿ ಏರಿದೆಯೋ ಅದೇ ಎತ್ತರ.

ಮೂರನೆಯದು ಎರಡನ್ನೂ ಸೇರಿಸುವುದು. ಅದೇ ಮಾರ್ಚ್ 12ರ ಬೆಳಿಗ್ಗೆ ಎತ್ತರ 25 ಡಿಗ್ರಿ 30 ಮಿನಿಟ್ ಸಿಕ್ಕಿತಂತೆ. ಯಂತ್ರವನ್ನು ಮುಂಭಾಗಕ್ಕೆ ತಿರುಗಿಸಿ, ಇನ್ನೂ ಮಧ್ಯಾಹ್ನ ಆಗಿಲ್ಲವಾದ್ದರಿಂದ ಜಾಲರಿಯ ಮೇಷದ ಮೊದಲ ಡಿಗ್ರಿಯನ್ನು ಪೂರ್ವದ ಬದಿಯಲ್ಲಿ ಇಪ್ಪತ್ತೈದೂವರೆ ಡಿಗ್ರಿ ವೃತ್ತಕ್ಕೆ ತಂದು ಕೂರಿಸಿದ. ಅದರ ಮೇಲೆ ಮುಳ್ಳು ಇಟ್ಟ. ಮುಳ್ಳಿನ ತುದಿ ಅಂಚಿನ ಎಕ್ಸ್ ಅಕ್ಷರದ ಮೇಲೆ ಬಂತು. ಮಧ್ಯರಾತ್ರಿಯ ಗೆರೆಯಿಂದ ಅಕ್ಷರಗಳನ್ನು ಎಣಿಸಿದ, ಬೆಳಗಿನ 9 ಗಂಟೆ.

ಎಣಿಸು ಅಂತ ಹೇಳಿದ್ದನ್ನು ಗಮನಿಸಿ. ಆಗಿನ ಅಕ್ಷರಮಾಲೆಯಲ್ಲಿ 23 ಅಕ್ಷರ, ಜೊತೆಗೆ ಒಂದು ಶಿಲುಬೆ ಗುರುತು, ಒಟ್ಟು 24. ಎನ್ ಅಕ್ಷರಕ್ಕೆ ಒಂದು ಗಂಟೆ ಅಂತ ಹಿಡಿದರೆ ಎಕ್ಸ್ ಒಂಬತ್ತನೆಯದು. ಇವತ್ತಿನ ಹುಡುಗ ಯಂತ್ರ ನೋಡದೆ ಬಾಯಿಪಾಠದ ಮೇಲೆ ಎಣಿಸಿದರೆ ಯು ಮತ್ತು ಡಬ್ಲ್ಯೂ ಸೇರಿಕೊಂಡು 11 ಗಂಟೆ ಆಗಿಬಿಡುತ್ತದೆ!

ಈ ಉತ್ತರ ಸರಿಯೋ ಅಂತ ನಾನೂ ಲೆಕ್ಕ ಹಾಕಿ ನೋಡಿದೆ. ಪುಸ್ತಕದ ಪ್ರಕಾರ ಆಕ್ಸ್‌ಫರ್ಡ್ ಅಕ್ಷಾಂಶ 51 ಡಿಗ್ರಿ 50 ಮಿನಿಟ್. ಹಗಲು ರಾತ್ರಿ ಸಮವಾಗಿರುವ ದಿನ ಅಲ್ಲಿ ಸೂರ್ಯ ಇಪ್ಪತ್ತೈದೂವರೆ ಡಿಗ್ರಿಗೆ ಬರುವುದು ಸೂರ್ಯನ ಗಡಿಯಾರದಲ್ಲಿ ಹೆಚ್ಚುಕಮ್ಮಿ 8 ಗಂಟೆ 55 ನಿಮಿಷಕ್ಕೆ. ಅಂಗೈಯಗಲದ ಬಿಲ್ಲೆಗೆ ಇದು ಭರ್ಜರಿ ನಿಖರತೆ.

ಅದೇ ರಾತ್ರಿಗೆ ಇನ್ನೊಂದು ಉದಾಹರಣೆ ಇದೆ. ನಮ್ಮ ಲುಬ್ಧಕ ನಕ್ಷತ್ರ ಪಶ್ಚಿಮದಲ್ಲಿ 18 ಡಿಗ್ರಿ ಎತ್ತರ. ನಕ್ಷತ್ರದ ಗುರುತನ್ನು ಪಶ್ಚಿಮದ 18ಕ್ಕೆ ಕೂರಿಸಿ, ಮುಳ್ಳನ್ನು ಮಾತ್ರ ಸೂರ್ಯನ ಡಿಗ್ರಿಯ ಮೇಲೇ ಇಡಬೇಕು. ಬಂದದ್ದು ರಾತ್ರಿ 8 ದಾಟಿ 2 ಡಿಗ್ರಿ. ಡಿಗ್ರಿಗೆ 4 ನಿಮಿಷದಂತೆ 8 ಗಂಟೆ 8 ನಿಮಿಷ.

ಇದಾದ ಮೇಲೆ ಬರುವ ಎಚ್ಚರಿಕೆಯೇ ಇಡೀ ಪುಸ್ತಕದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು. ಸೂರ್ಯನಾಗಲಿ ನಕ್ಷತ್ರವಾಗಲಿ ದಕ್ಷಿಣದ ನಡುಗೆರೆಯ ಹತ್ತಿರ ಇದ್ದಾಗ ಈ ವಿಧಾನವನ್ನು ನಂಬಬೇಡ ಅನ್ನುತ್ತಾನೆ. ಕಾರಣ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದೇ ದಿನ ಆಕ್ಸ್‌ಫರ್ಡಿನಲ್ಲಿ ಎಂಟೂವರೆಯಿಂದ ಒಂಬತ್ತರೊಳಗೆ ಸೂರ್ಯ ಸುಮಾರು 4 ಡಿಗ್ರಿ ಏರುತ್ತಾನೆ. ಹನ್ನೊಂದೂವರೆಯಿಂದ ಹನ್ನೆರಡರೊಳಗೆ ಏರುವುದು ಅರ್ಧ ಡಿಗ್ರಿಯೂ ಇಲ್ಲ. ಹಾಗಾಗಿ ಅರ್ಧ ಡಿಗ್ರಿ ಕೈತಪ್ಪಿದರೆ ಬೆಳಿಗ್ಗೆ ನಾಲ್ಕು ನಿಮಿಷದ ತಪ್ಪು, ಮಧ್ಯಾಹ್ನ ಅರ್ಧ ಗಂಟೆಗೂ ಹೆಚ್ಚು. ಹುಡುಗ ಎಲ್ಲ ಹಂತಗಳನ್ನೂ ಸರಿಯಾಗಿ ಮಾಡಿರುತ್ತಾನೆ, ಉತ್ತರ ಮಾತ್ರ ತಪ್ಪಿರುತ್ತದೆ. ತಪ್ಪು ತನ್ನದಲ್ಲ, ಹೊತ್ತಿನದು ಅಂತ ಅವನಿಗೆ ಹೇಳುವವರು ಬೇಕಲ್ಲ.

ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ ಅಂತ ಚಾಸರ್ ಮೊದಲೇ ಕ್ಷಮೆ ಕೇಳಿರುತ್ತಾನೆ, ಮಗು ಒಂದು ಸಲ ಮರೆಯುವುದಕ್ಕಿಂತ ಎರಡು ಸಲ ಬರೆಯುವುದೇ ಮೇಲು ಅನ್ನುವ ಅರ್ಥದಲ್ಲಿ. ನಮ್ಮ ಕಡೆಯ ಪದ್ಧತಿ ಇದಕ್ಕೆ ಉಲ್ಟಾ. ಇದಕ್ಕೆ ಇಪ್ಪತ್ತೊಂದು ವರ್ಷ ಮುಂಚೆ, 1370ರಲ್ಲಿ, ಫಿರೋಜ್ ಷಾ ತುಘಲಕನ ಆಸ್ಥಾನದ ಜೈನ ಪಂಡಿತ ಮಹೇಂದ್ರ ಸೂರಿ ಇದೇ ಉಪಕರಣದ ಬಗ್ಗೆ ಸಂಸ್ಕೃತದಲ್ಲಿ ಯಂತ್ರರಾಜ ಬರೆದ. ಅದು ಶ್ಲೋಕಗಳಲ್ಲಿದೆ. ಶಿಷ್ಯ ಮಲಯೇಂದು ಸೂರಿ ಅದಕ್ಕೆ ವ್ಯಾಖ್ಯಾನ ಬರೆದ. ಶ್ಲೋಕ ನೆನಪಿಟ್ಟುಕೊಳ್ಳಲು ಅನುಕೂಲ, ಬಿಡಿಸಿ ಹೇಳಲು ಪಕ್ಕದಲ್ಲಿ ಗುರು ಬೇಕು. ಚಾಸರ್ ಪಕ್ಕದಲ್ಲಿ ಯಾರೂ ಇಲ್ಲ ಅಂದುಕೊಂಡು ಬರೆದಿದ್ದಾನೆ. ಯಾವುದು ಮೇಲು ಅಂತ ಜಗಳ ಬೇಡ, ಆದರೆ ಒಬ್ಬನೇ ಕೂತು ಕಲಿಯುವವನಿಗೆ ಶ್ಲೋಕ ಸಾಲದು.

ಇಷ್ಟೆಲ್ಲ ಜಾಗ್ರತೆ ಮಾಡಿದ ಪುಸ್ತಕವನ್ನು ಇವತ್ತು ಬೆಂಗಳೂರಿನ ತಾರಸಿ ಮೇಲೆ ನಿಂತು ಅನುಸರಿಸಿದರೆ ಏನಾಗುತ್ತದೆ? ಮೊದಲ ಹಂತದಲ್ಲೇ ಎಡವುತ್ತೀರಿ. ಅವನ ಮಾರ್ಚ್ 12 ಹಳೆಯ ಜೂಲಿಯನ್ ಕ್ಯಾಲೆಂಡರಿನದು, ಈಗಿನ ಲೆಕ್ಕದಲ್ಲಿ ಅದು ಮಾರ್ಚ್ 20. ಅವನ ಮೇಷವೂ ನಮ್ಮ ಪಂಚಾಂಗದ ಮೇಷವಲ್ಲ, ನಮ್ಮದು ಶುರುವಾಗುವುದು ಏಪ್ರಿಲ್ ಮಧ್ಯದಲ್ಲಿ.

ಅವೆರಡನ್ನೂ ಸರಿಮಾಡಿಕೊಂಡಿರಿ ಅನ್ನೋಣ. ಮಾರ್ಚ್ 20ರ ಬೆಳಿಗ್ಗೆ, ಸೂರ್ಯನ ಗಡಿಯಾರದಲ್ಲಿ 9 ಗಂಟೆಗೆ, 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಸೂರ್ಯ ಸುಮಾರು ನಲವತ್ತಮೂರೂವರೆ ಡಿಗ್ರಿ ಎತ್ತರದಲ್ಲಿರುತ್ತಾನೆ. ಲೂಯಿಸನ ತಟ್ಟೆಯಲ್ಲಿ ಮೇಷದ ಮೊದಲ ಡಿಗ್ರಿಯನ್ನು ಎಷ್ಟೇ ತಿರುಗಿಸಿದರೂ ಅದು ಅಲ್ಲಿಗೆ ಮುಟ್ಟುವುದೇ ಇಲ್ಲ. ಆಕ್ಸ್‌ಫರ್ಡಿನಲ್ಲಿ ಆ ದಿನ ಮಧ್ಯಾಹ್ನದ ಸೂರ್ಯನೂ 38 ಡಿಗ್ರಿ ಚಿಲ್ಲರೆಗಿಂತ ಮೇಲೇರುವುದಿಲ್ಲ. ಇದು ಒಳ್ಳೆಯ ತೊಂದರೆ, ಏನೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಕೆಟ್ಟ ತೊಂದರೆ ಒಂದು ಗಂಟೆ ಮುಂಚೆ ಇರುತ್ತದೆ. 8 ಗಂಟೆಗೆ ನಮ್ಮಲ್ಲಿ ಎತ್ತರ ಸುಮಾರು 29 ಡಿಗ್ರಿ. ಅದು ಆ ತಟ್ಟೆಯಲ್ಲಿ ಸಲೀಸಾಗಿ ಕೂರುತ್ತದೆ, ಮುಳ್ಳೂ ಒಂದು ಗಂಟೆ ತೋರಿಸುತ್ತದೆ, ಆದರೆ ತೋರಿಸುವುದು ಒಂಬತ್ತೂವರೆ. ಎಲ್ಲೂ ಎರರ್ ಮೆಸೇಜ್ ಇಲ್ಲ!

ತಾನಿರುವ ಜಾಗದ ಅಕ್ಷಾಂಶ ಕಂಡುಹಿಡಿಯುವುದು ಹೇಗೆ ಅಂತ ಎರಡನೇ ಭಾಗದಲ್ಲೇ ಇದೆ. ಧ್ರುವದ ಹತ್ತಿರದ, ಮುಳುಗದ ಒಂದು ನಕ್ಷತ್ರದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎತ್ತರ ಅಳೆದು ಸರಾಸರಿ ತೆಗೆಯಬೇಕು. ಹಾಗೆ ಮಾಡಿದರೆ ಹುಡುಗನಿಗೆ ತನ್ನ ತಟ್ಟೆ ಈ ಊರಿನದಲ್ಲ ಅಂತ ಗೊತ್ತಾಗುತ್ತದೆ. ಆದರೆ ಅದು ಬರುವುದು ಗಂಟೆ ನೋಡುವ ಅಧ್ಯಾಯ ಮುಗಿದು ಎಷ್ಟೋ ಆದಮೇಲೆ.

ಒಟ್ಟು ಐದು ಭಾಗ ಬರೆಯುವುದಾಗಿ ಚಾಸರ್ ಮುನ್ನುಡಿಯಲ್ಲಿ ಮಾತು ಕೊಟ್ಟಿದ್ದ. ಮೂರನೆಯದರಲ್ಲಿ ನಕ್ಷತ್ರಗಳ ಮತ್ತು ಊರುಗಳ ಕೋಷ್ಟಕಗಳು, ನಾಲ್ಕರಲ್ಲಿ ಗ್ರಹಗತಿ, ಐದರಲ್ಲಿ ಜ್ಯೋತಿಷದ ಪೀಠಿಕೆ. ಮೂವತ್ತಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ, ಕೆಲವಕ್ಕೆ ಮಕ್ಕಳ ಹಾಲು-ಬ್ರೆಡ್ಡು ಅನ್ನುವಂಥ ಹೆಸರೂ ಇದೆ. ಆದರೆ ಅವನ ಬರಹ ಎರಡನೇ ಭಾಗಕ್ಕೇ ನಿಲ್ಲುತ್ತದೆ. ಚಾಸರ್ 1400ರಲ್ಲಿ ತೀರಿಕೊಂಡ. ಊರುಗಳ ಕೋಷ್ಟಕ ಬರಲೇ ಇಲ್ಲ.