ಕುಮರನ್ ಕೈಯ ಬಾವುಟ, ಮೈಮೇಲಿನ ಬಟ್ಟೆ

ತಿರುಪ್ಪೂರಿನಲ್ಲಿ ಕೊಡಿ ಕಾತ್ತ ಕುಮರನ್ ಯಾರೆಂದು ಕೇಳಿದರೆ ಸಣ್ಣ ಮಗುವೂ ಹೇಳುತ್ತದೆ. 'ಕೊಡಿ ಕಾತ್ತ' ಎಂದರೆ ಬಾವುಟವನ್ನು ಕಾಪಾಡಿದವನು ಎಂದರ್ಥ. 1904ರಲ್ಲಿ ಚೆನ್ನಿಮಲೆಯ ನೇಕಾರ ಕುಟುಂಬದಲ್ಲಿ ಹುಟ್ಟಿದ ಈ ತರುಣ, 1932ರ ಜನವರಿಯಲ್ಲಿ ತಿರುಪ್ಪೂರಿನ ಮೆರವಣಿಗೆಯಲ್ಲಿ ಪೊಲೀಸರ ಲಾಠಿ ಏಟು ತಿಂದು ಬಿದ್ದರೂ ಬಾವುಟವನ್ನು ನೆಲಕ್ಕೆ ಬಿಡಲಿಲ್ಲ. ಅದೇ ಪೆಟ್ಟಿನಿಂದ ಆ ತಿಂಗಳ 11ರಂದು ಪ್ರಾಣಬಿಟ್ಟರು. ಆಗ ಅವರಿಗೆ 27 ವರ್ಷ. ತಿರುಪ್ಪೂರು ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರು. ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ.

ನಮ್ಮ ಬಡಾವಣೆಯ ಒಂದು ಶಾಲೆಯವರು ಈ ಕಥೆಯನ್ನು ನಾಟಕ ಮಾಡಿದರು. ಪ್ರಚಾರಕ್ಕೆ ಒಂದು ಚಿತ್ರ ಬೇಕಿತ್ತು. ಕಲಾವಿದ ಹುಡುಗ ಬರೆದು ತಂದದ್ದನ್ನು ನೋಡಿ ಅಭಿಪ್ರಾಯ ಹೇಳಬೇಕೆಂದು ಅಲ್ಲಿನ ಮೇಷ್ಟರು ನನ್ನನ್ನು ಕರೆದರು. ಹಳೆಯ ಸಂಗತಿಗಳನ್ನು ಕೆದಕುವ ಚಟ ನನಗಿದೆ ಎಂಬುದು ಅವರಿಗೆ ಗೊತ್ತು. ಜೊತೆಗೆ ಬ್ಯಾಂಕಿನಲ್ಲಿ ದಿನವೂ ಸಹಿ ತಾಳೆ ನೋಡುವ ಕೆಲಸದವನು. ತಪ್ಪು ಮೊದಲು ಕಣ್ಣಿಗೆ ಬೀಳುತ್ತದೆ, ಚೆಂದ ಆಮೇಲೆ.

ಚಿತ್ರ ಚೆಂದವಾಗಿಯೇ ಇತ್ತು. ಆದರೆ ಕುಮರನ್ ಕೈಯಲ್ಲಿದ್ದ ಬಾವುಟದ ನಡುವೆ ಅಶೋಕ ಚಕ್ರವಿತ್ತು. ಸಂವಿಧಾನ ಸಭೆ ಚಕ್ರವಿರುವ ಬಾವುಟವನ್ನು ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಅಷ್ಟು ಹೊತ್ತಿಗೆ ಕುಮರನ್ ತೀರಿಕೊಂಡು 15 ವರ್ಷ ಕಳೆದಿತ್ತು.

ಅವರ ಕಾಲದ ಬಾವುಟ ಕಾಂಗ್ರೆಸ್ಸಿನದು. ಅದರಲ್ಲೂ ಎರಡು ಬಗೆ. 1921ರಿಂದ ಬಳಕೆಯಲ್ಲಿದ್ದದ್ದು ಮೇಲಿಂದ ಕೆಳಗೆ ಬಿಳಿ, ಹಸಿರು, ಕೆಂಪು ಪಟ್ಟಿಗಳದು; ಮೂರೂ ಪಟ್ಟಿಗಳ ಮೇಲೆ ಹರಡಿದ ದೊಡ್ಡ ಚರಕ ಅದರಲ್ಲಿತ್ತು. 1931ರ ಆಗಸ್ಟಿನಲ್ಲಿ ಕಾಂಗ್ರೆಸ್ ಅದನ್ನು ಬದಲಾಯಿಸಿ ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು ಮಾಡಿ, ಬಿಳಿ ಪಟ್ಟಿಯೊಳಗೆ ಕಡುನೀಲಿ ಚರಕವನ್ನು ಇಟ್ಟಿತು. ಕುಮರನ್ ಬಿದ್ದ ದಿನ ಈ ಹೊಸ ಬಾವುಟಕ್ಕೆ ಐದು ತಿಂಗಳ ವಯಸ್ಸು. ದೂರದಿಂದ ನೋಡಿದರೆ ಇಂದಿನದೇ ಅನಿಸುತ್ತದೆ, ಆದ್ದರಿಂದಲೇ ಎಲ್ಲರೂ ಎಡವುತ್ತಾರೆ. ಬಣ್ಣಗಳ ಕ್ರಮ ಸರಿಯಾಗಿದ್ದರೆ ಸಾಲದು, ನಡುವಿನ ಗುರುತನ್ನು ನೋಡಬೇಕು. ಅಶೋಕ ಚಕ್ರ 24 ಅರೆಗಳ ಬರಿಯ ಚಕ್ರ. ಚರಕವೆಂದರೆ ಗಾಲಿ, ಹಿಡಿ, ಕದಿರು, ಕೆಳಗೆ ಪೀಠ, ಎಲ್ಲವೂ ಇರುವ ಒಂದು ಸಾಧನ.

ಕಲಾವಿದ ತಲೆ ಕೆರೆದುಕೊಂಡ. "ಅಣ್ಣಾ, ಚಕ್ರ ಇಲ್ಲದ ಬಾವುಟ ಹಾಕಿದರೆ ನೋಡಿದವರು ನನ್ನನ್ನೇ ಬೈತಾರೆ" ಎಂದ. ಅದೂ ನಿಜವೇ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು 1931ರ ಬಾವುಟ' ಎಂದು ಬರೆಯುವುದೆಂದು ಒಪ್ಪಂದವಾಯಿತು.

ಬಾವುಟದ ತಪ್ಪು ಯಾರಿಗಾದರೂ ಹೇಳಿದರೆ ಅರ್ಥವಾಗುತ್ತದೆ. ಬಟ್ಟೆಯ ತಪ್ಪು ಹಾಗಲ್ಲ. ಆ ಚಿತ್ರದಲ್ಲಿ ಕುಮರನ್ ತೊಟ್ಟಿದ್ದು ಇಸ್ತ್ರಿಯ ಗೆರೆ ಎದ್ದು ಕಾಣುವ, ಕಣ್ಣು ಕೋರೈಸುವ ಬಿಳಿಯ ಅಂಗಿ ಮತ್ತು ಅಂಚಿನಲ್ಲಿ ಜರಿಯಿದ್ದ ಪಂಚೆ. ಮದುವೆ ಮನೆಯ ಗಂಡಿಗೆ ಅದು ಒಪ್ಪುತ್ತಿತ್ತು. ಆ ದಿನಗಳ ಚಳವಳಿ ನಡೆದದ್ದೇ ವಿದೇಶಿ ಬಟ್ಟೆಯ ವಿರುದ್ಧ. ಸ್ವಯಂಸೇವಕರು ಅಂಗಡಿಗಳ ಮುಂದೆ ನಿಂತು ಕೊಳ್ಳಬೇಡಿ ಎಂದು ಕೈಮುಗಿದದ್ದು ನುಣುಪಾದ ಮಿಲ್ ಬಟ್ಟೆಯನ್ನು ತೋರಿಸಿಯೇ. ಅಂಥದೇ ಬಟ್ಟೆಯನ್ನು ಕುಮರನ್‌ಗೆ ಉಡಿಸಿದರೆ, ಅವರು ಬೇಡವೆಂದದ್ದನ್ನು ಅವರ ಮೈಮೇಲೇ ಹೊದಿಸಿದ ಹಾಗೆ.

ಖಾದಿಯೆಂದರೆ ಕೈಯಲ್ಲಿ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದದ್ದು. ಎರಡೂ ಕೈಯಿಂದಲೇ ಆಗಬೇಕು. ಮಿಲ್ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ, ಖಾದಿಯಲ್ಲ. 1925ರಲ್ಲಿ ಗಾಂಧೀಜಿ ಕಟ್ಟಿದ ಅಖಿಲ ಭಾರತ ಚರಕ ಸಂಘ ಈ ವ್ಯತ್ಯಾಸದಲ್ಲಿ ಬಿಗಿಯಾಗಿತ್ತು. ನಮ್ಮ ದೇವಾಂಗ ಮನೆಗಳಲ್ಲಿ ಹುಟ್ಟಿದವರಿಗೆ ಇದು ಬೆರಳಲ್ಲೇ ಗೊತ್ತು. ನಮ್ಮಜ್ಜ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ಹಿಡಿದು ನೋಡುತ್ತಿದ್ದರು. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ಅಲ್ಲಲ್ಲಿ ಸಣ್ಣ ಗಂಟು. ಮಿಲ್ ನೂಲು ಅಳತೆಗೆ ಎಳೆದಂತೆ ಒಂದೇ ಸಮ. ಇಂದಿನ ಟೆರಿಕಾಟಾದರೆ ಎಳೆಯನ್ನು ಸುಟ್ಟರೆ ಸಾಕು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಬೆರೆತದ್ದು ಕರಗಿ ಗಟ್ಟಿ ಮಣಿಯಾಗುತ್ತದೆ. ನಾಟಕಕ್ಕೆ ಉಡುಪು ಬಾಡಿಗೆಗೆ ತರುವ ಮೇಷ್ಟರುಗಳಿಗೆ ಇದೊಂದು ಪರೀಕ್ಷೆ ಗೊತ್ತಿದ್ದರೆ ಒಳ್ಳೆಯದು.

ಇದನ್ನೆಲ್ಲ ಚಿತ್ರದಲ್ಲಿ ತೋರಿಸುವುದು ಹೇಗೆ? ಬಣ್ಣ ಅಚ್ಚ ಬಿಳಿಯಲ್ಲ, ಕೋರಾ ಬಟ್ಟೆಯ ಕೆನೆಬಣ್ಣ. ಮಡಿಕೆಗಳು ಚೂಪಾಗಿರದೆ ದುಂಡಗೆ, ಭಾರವಾಗಿ ಬೀಳಬೇಕು, ಏಕೆಂದರೆ ದಪ್ಪ ಖಾದಿ ಮೈಗೆ ಅಂಟುವುದಿಲ್ಲ, ಮೈಯಿಂದ ಸ್ವಲ್ಪ ಎದ್ದು ನಿಲ್ಲುತ್ತದೆ. ಹೊಳಪು ಎಲ್ಲೂ ಬೇಡ. ಕೊನೆಗೆ ನಾನು ಕಲಾವಿದನಿಗೆ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಟ್ಟೆ:

'27 ವರ್ಷದ ತರುಣ, ಮಧ್ಯವಯಸ್ಕನಲ್ಲ. ಕೆನೆಬಣ್ಣದ, ಸಡಿಲವಾದ ಖಾದಿ ಜುಬ್ಬಾ, ಕೆಳಗೆ ನಾಲ್ಕು ಮೊಳದ ಪಂಚೆ, ಜರಿಯಿಲ್ಲ, ಪಕ್ಷದ ಬಣ್ಣದ ಅಂಚೂ ಇಲ್ಲ. ತಲೆಗೆ ಗಾಂಧಿ ಟೊಪ್ಪಿ: ಮಡಿಸಿದರೆ ಚಪ್ಪಟೆಯಾಗುವಂಥದು, ಮುಂದೆ ಹಿಂದೆ ಸ್ವಲ್ಪ ಚೂಪು. ಕೈಗೆ ಗಡಿಯಾರ ಬೇಡ. ಹವಾಯಿ ಚಪ್ಪಲಿ ಬೇಡ, ಅದು ಆಗ ಇರಲಿಲ್ಲ. ಬಾವುಟದ ಬಟ್ಟೆಯೂ ಖಾದಿ, ಸ್ಯಾಟಿನ್ ಅಲ್ಲ. ಗಾಳಿಗೆ ಪಟಪಟ ಹಾರದೆ ಭಾರವಾಗಿ ತೂಗಲಿ. ಹಿಂದೆ ನೊಯ್ಯಲ್ ನದಿಯ ದಂಡೆ.'

ನಾಲ್ಕು ಮೊಳವೆಂದರೆ ಎರಡು ಗಜ, ಒಂದೇ ಸುತ್ತು ಬರುವಂಥದು. ಎಂಟು ಮೊಳದ ಪಂಚೆಯನ್ನು ಎರಡಾಗಿ ಮಡಿಸಿ ಉಡುತ್ತಾರೆ, ಅದರ ನೆರಿಗೆಯ ರೂಪವೇ ಬೇರೆ.

ಟೊಪ್ಪಿಯ ಬಗ್ಗೆ ಮೇಷ್ಟರಿಗೆ ಅನುಮಾನವಿತ್ತು. ಹುಡುಗರ ಮುಖ ಚೆನ್ನಾಗಿ ಕಾಣಲಿ, ತೆಗೆದುಬಿಡೋಣವೇ ಎಂದರು. ನಾನು ಒಪ್ಪಲಿಲ್ಲ. 1930ರಲ್ಲಿ ಇದೇ ಮದರಾಸು ಪ್ರಾಂತದ ಗುಂಟೂರಿನಲ್ಲಿ ಗಾಂಧಿ ಟೊಪ್ಪಿ ಹಾಕುವುದನ್ನೇ ಅಧಿಕಾರಿಗಳು ನಿಷೇಧಿಸಿದ್ದರು. ತಲೆಯ ಮೇಲಿನ ಒಂದು ಗೇಣು ಬಟ್ಟೆಗೆ ಸರಕಾರ ಹೆದರಿದ ಕಾಲವದು. 1932ರ ಜನವರಿ 4ರಂದು ಗಾಂಧೀಜಿಯನ್ನು ಬಂಧಿಸಿದ ಮೇಲಂತೂ ಬೀದಿಯಲ್ಲಿ ಈ ಉಡುಪು ಧರಿಸಿ ನಡೆಯುವುದೇ ಒಂದು ಘೋಷಣೆ.

ಪೊಲೀಸರ ವಿಷಯದಲ್ಲಿ ಹೆಚ್ಚು ಕಷ್ಟಪಡಲಿಲ್ಲ. ಖಾಕಿ ಚಡ್ಡಿಯ ಕಾಲು, ಎತ್ತಿದ ಲಾಠಿ, ಇಷ್ಟನ್ನು ಚಿತ್ರದ ಅಂಚಿನಲ್ಲಿ ತೋರಿಸಿದರೆ ಸಾಕೆಂದೆ. ಮುಖ ಬೇಡ, ಪೂರ್ಣ ಪ್ಯಾಂಟ್ ಮಾತ್ರ ಬೇಡವೇ ಬೇಡ.

ಎರಡನೆಯ ಚಿತ್ರ ಬಂದಾಗ ಜರಿ ಹೋಗಿತ್ತು, ಚರಕ ಬಂದಿತ್ತು. ಆದರೆ ಬಟ್ಟೆ ಮಾತ್ರ ಮತ್ತೆ ನುಣುಪು. ಹೇಳಿ ಪ್ರಯೋಜನವಿಲ್ಲವೆಂದು ಮನೆಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಅಜ್ಜನ ಖಾದಿ ತುಂಡನ್ನು ತಂದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹೆಬ್ಬೆರಳಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಎಳೆಗಳ ನಡುವಿನ ತೂತುಗಳನ್ನು ಸುಮಾರು ಹೊತ್ತು ನೋಡಿದ. ಮೂರನೆಯ ಚಿತ್ರವನ್ನು ಅವನು ಆ ತುಂಡನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದ. ತುಂಡು ಇನ್ನೂ ಅವನ ಬಳಿಯೇ ಇದೆ, ನಾನು ಕೇಳಿಲ್ಲ.